ಮೊದಲ ಸಲ ಸ್ಟೆಪ್ನಿ ಹಾಕುವವರಿಗೆ: ನಟ್ ಯಾವಾಗ ಸಡಿಲಿಸಬೇಕು, ಜಾಕ್ ಎಲ್ಲಿ ಕೊಡಬೇಕು

ಕಾರಿನ ಚಕ್ರ ಬದಲಿಸುವುದರಲ್ಲಿ ಬಿಡಿಬಿಡಿಯಾಗಿ ನೋಡಿದರೆ ಕಷ್ಟದ ಕೆಲಸ ಒಂದೂ ಇಲ್ಲ. ನಾಲ್ಕು ನಟ್ ಬಿಚ್ಚುವುದು, ಚಕ್ರ ಎಳೆಯುವುದು, ಇನ್ನೊಂದನ್ನು ಕೂರಿಸುವುದು, ನಟ್ ಬಿಗಿಯುವುದು. ಅಪಾಯ ಬರುವುದು ಕ್ರಮ ತಪ್ಪಿದಾಗ. ಆ ಕ್ರಮವನ್ನು ಬಾಯಿಪಾಠ ಮಾಡಬೇಕಾಗಿಯೂ ಇಲ್ಲ. ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕ್ಷಣ ಕಾರನ್ನು ಹಿಡಿದು ನಿಲ್ಲಿಸಿರುವುದು ಯಾವುದು? ಉತ್ತರ ಗೊತ್ತಿದ್ದರೆ ಮುಂದಿನ ಹೆಜ್ಜೆ ಯಾವುದು ಎಂಬುದು ತಾನಾಗಿ ತಿಳಿಯುತ್ತದೆ.

ಉದಾಹರಣೆಗೆ ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ ಸಣ್ಣ ಹ್ಯಾಚ್‌ಬ್ಯಾಕ್ ಕಾರನ್ನೇ ಇಟ್ಟುಕೊಳ್ಳೋಣ. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕಾರು, ಚಕ್ರಕ್ಕೆ ನಾಲ್ಕು ನಟ್, ಡಿಕ್ಕಿಯಲ್ಲಿ ಕತ್ತರಿಯಂತೆ ಮಡಚಿಕೊಳ್ಳುವ ಜಾಕ್. ಪಂಕ್ಚರ್ ಆಗಿರುವುದು ಹಿಂದಿನ ಎಡ ಚಕ್ರ.

ಎಲ್ಲಿ ನಿಲ್ಲಿಸಬೇಕು

ಟೈರು ಕೂತಿದೆ ಎಂದು ಗೊತ್ತಾದ ಕೂಡಲೇ ಅಲ್ಲೇ ಬ್ರೇಕ್ ಹಾಕಿ ನಿಲ್ಲಿಸಬೇಡಿ. ವೇಗ ಇಳಿಸಿ, ಹಜಾರ್ಡ್ ಲೈಟ್ ಹಾಕಿ, ನಡೆಯುವ ವೇಗದಲ್ಲಿ ಸಮತಟ್ಟಾದ ಗಟ್ಟಿ ಜಾಗದವರೆಗೆ ಕಾರನ್ನು ತನ್ನಿ. ಗಾಳಿಯಿಲ್ಲದ ಟೈರಿನ ಮೇಲೆ ನೂರಿನ್ನೂರು ಮೀಟರ್ ಓಡಿಸಿದರೆ ಆ ಟೈರು ಹಾಳಾಗಬಹುದು. ಆಗಲಿ. ತಿರುವಿನಲ್ಲಿ, ಸೇತುವೆಯ ಮೇಲೆ, ಘಾಟಿಯ ಇಳಿಜಾರಿನಲ್ಲಿ ಜಾಕ್ ಕೊಡುವುದಕ್ಕಿಂತ ಟೈರು ಕಳೆದುಕೊಳ್ಳುವುದು ಎಷ್ಟೋ ವಾಸಿ. ಪಂಕ್ಚರ್ ಆಗಿರುವುದು ಬಲಗಡೆ ಚಕ್ರವಾಗಿದ್ದರೆ ನೀವು ಕೂತು ಕೆಲಸ ಮಾಡುವುದು ವಾಹನ ಓಡಾಡುವ ಬದಿಯಲ್ಲಿ. ಆಗ ಎಡಕ್ಕೆ ಇನ್ನಷ್ಟು ಸರಿಯಲು ಜಾಗ ಸಿಗುವವರೆಗೆ ಹೋಗಲೇಬೇಕು. ಹೆದ್ದಾರಿಯಲ್ಲಿ ಅಂಥ ಜಾಗವೇ ಇಲ್ಲದಿದ್ದರೆ ಚಕ್ರ ಮುಟ್ಟದೆ, ತಡೆಬೇಲಿಯ ಆಚೆ ನಿಂತು, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಿ.

ಎಲ್ಲರನ್ನೂ ಕಾರಿನಿಂದ ಇಳಿಸಿ. ಮಲಗಿರುವ ಮಗುವನ್ನೂ ಎತ್ತಿಕೊಳ್ಳಿ. ಒಳಗೆ ಯಾರಾದರೂ ಮಗ್ಗುಲು ಬದಲಿಸಿದರೂ ಎತ್ತಿದ ಕಾರು ಅಲುಗಾಡುತ್ತದೆ. ಕೆಂಪು ತ್ರಿಕೋನ ಫಲಕವನ್ನು ಕಾರಿನ ಪಕ್ಕದಲ್ಲೇ ಇಟ್ಟರೆ ಉಪಯೋಗವಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಫಲಕ 50 ಮೀಟರ್ ಹಿಂದಿದ್ದರೂ ಆ ಚಾಲಕನಿಗೆ ಸಿಗುವುದು ಎರಡು ಸೆಕೆಂಡು ಚಿಲ್ಲರೆ. ಹಾಗಾಗಿ ಊರೊಳಗಿನ ರಸ್ತೆಯಲ್ಲಿ 50 ಮೀಟರ್, ಅಂದರೆ ಸುಮಾರು 70 ಹೆಜ್ಜೆ. ಹೆದ್ದಾರಿಯಲ್ಲಿ ಅದರ ಎರಡರಷ್ಟು ಹಿಂದೆ ಹೋಗಿ ಇಡಿ.

ಕಾರು ಉರುಳದಂತೆ

ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ, ಮೊದಲ ಗೇರಿಗೋ ರಿವರ್ಸಿಗೋ ಹಾಕಿ. ಆಟೊಮ್ಯಾಟಿಕ್ ಆದರೆ ಪಾರ್ಕಿಂಗ್‌ನಲ್ಲಿಡಿ. ಇಷ್ಟು ಮಾಡಿದರೆ ಸಾಕು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಸಾಲದು. ಯಾಕೆಂದು ಸ್ವಲ್ಪ ವಿವರವಾಗಿ ನೋಡೋಣ.

ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂದಿನ ಎಡ ಚಕ್ರ ನೆಲ ಬಿಟ್ಟಿತೆಂದರೆ ಹ್ಯಾಂಡ್‌ಬ್ರೇಕಿನ ಹಿಡಿತ ಬಲ ಚಕ್ರ ಒಂದರಲ್ಲೇ ಉಳಿಯುತ್ತದೆ. ಅದೃಷ್ಟಕ್ಕೆ ಮುಂದಿನ ಎರಡೂ ಚಕ್ರಗಳು ನೆಲದ ಮೇಲಿರುವುದರಿಂದ ಗೇರ್ ಅವನ್ನು ಹಿಡಿದಿರುತ್ತದೆ. ಆದರೆ ಮುಂದಿನ ಚಕ್ರವನ್ನೇ ಎತ್ತಿದಾಗ ಗೇರ್ ಕೈಕೊಡುತ್ತದೆ. ಮುಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದೇ ಅದರ ಕೆಲಸ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದು ಹಿಮ್ಮುಖವಾಗಿ ಸುಮ್ಮನೆ ತಿರುಗುತ್ತಾ, ನೆಲದ ಮೇಲಿರುವ ಇನ್ನೊಂದನ್ನು ಉರುಳಲು ಬಿಟ್ಟುಬಿಡುತ್ತದೆ. ಗೇರಿನಲ್ಲಿದ್ದರೂ, ಪಾರ್ಕಿಂಗ್‌ನಲ್ಲಿದ್ದರೂ ಅಷ್ಟೇ. ಆಗ ಕಾರು ನಿಂತಿರುವುದು ಹ್ಯಾಂಡ್‌ಬ್ರೇಕಿನ ಮೇಲೆ ಮಾತ್ರ. ಅದರ ಕೇಬಲ್ ಸಡಿಲವಾಗಿದ್ದರೆ ಯಾವುದರ ಮೇಲೂ ಇಲ್ಲ.

ಅದಕ್ಕೇ ಚಕ್ರಕ್ಕೆ ಕಲ್ಲು ಕೊಡಬೇಕು. ಯಾವ ಚಕ್ರವನ್ನು ಎತ್ತುತ್ತೀರೋ ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರಕ್ಕೆ ಕೊಡಿ. ನಮ್ಮ ಉದಾಹರಣೆಯಲ್ಲಿ ಹಿಂದಿನ ಎಡ ಚಕ್ರ ಎತ್ತುತ್ತಿದ್ದೇವೆ, ಹಾಗಾಗಿ ಕಲ್ಲು ಮುಂದಿನ ಬಲ ಚಕ್ರಕ್ಕೆ, ಟೈರಿನ ಮುಂದೊಂದು ಹಿಂದೊಂದು. ಉರುಟು ಕಲ್ಲು ಜಾರುತ್ತದೆ. ಚಪ್ಪಟೆ ತಳವಿರುವ ದಪ್ಪ ಕಲ್ಲು, ಇಟ್ಟಿಗೆ ಅಥವಾ ಮರದ ತುಂಡು ತಂದು ಟೈರಿಗೆ ಒತ್ತಿಕೊಳ್ಳುವಂತೆ ಕಾಲಲ್ಲಿ ಒದ್ದು ಕೂರಿಸಿ.

ಸ್ಟೆಪ್ನಿ ಮೊದಲು ಹೊರಗೆ

ಕಾರು ಎತ್ತಿದ ಮೇಲೆ ಡಿಕ್ಕಿಯಲ್ಲಿ ಬಗ್ಗಿ ಎಳೆದಾಡುವಂತಿಲ್ಲ. ಆದ್ದರಿಂದ ಸಾಮಾನು ಇಳಿಸಿ, ಸ್ಟೆಪ್ನಿ, ಜಾಕ್, ಜಾಕಿನ ಹಿಡಿ, ವೀಲ್ ಸ್ಪ್ಯಾನರ್ ಎಲ್ಲವನ್ನೂ ಈಗಲೇ ಹೊರಗೆ ತೆಗೆದಿಡಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಸ್ಟೆಪ್ನಿ ಡಿಕ್ಕಿಯ ಚಾಪೆಯ ಕೆಳಗೆ, ನಡುವೆ ಒಂದು ದೊಡ್ಡ ತಿರುಪಿನಿಂದ ಬಿಗಿದಿರುತ್ತದೆ. ಈಚಿನ ಕೆಲವು ಕಾರುಗಳಿಗೆ ಸ್ಟೆಪ್ನಿಯೇ ಇಲ್ಲ, ಬದಲಿಗೆ ಪಂಕ್ಚರ್ ಕಿಟ್ ಇರುತ್ತದೆ. ನಿಮ್ಮ ಕಾರಲ್ಲಿ ಯಾವುದಿದೆ ಎಂದು ಮನೆಯಲ್ಲಿರುವಾಗಲೇ ನೋಡಿಕೊಳ್ಳಿ.

ಸ್ಟೆಪ್ನಿಯನ್ನು ನಿಲ್ಲಿಸಿ ಮೇಲಿನಿಂದ ಕೈಯಲ್ಲಿ ಜೋರಾಗಿ ಒತ್ತಿ ನೋಡಿ. ಟೈರು ತಗ್ಗಿದರೆ ಗಾಳಿ ಇಲ್ಲ, ಮುಂದಿನ ಶ್ರಮವೆಲ್ಲ ದಂಡ. ವರ್ಷಗಟ್ಟಲೆ ಕತ್ತಲಲ್ಲಿ ಕೂತ ಸ್ಟೆಪ್ನಿಯಲ್ಲಿ ಗಾಳಿ ಇಳಿದಿರುವುದು ತೀರಾ ಮಾಮೂಲು.

ಚೆನ್ನಾಗಿದ್ದರೆ ಅದನ್ನು ಎತ್ತಬೇಕಾದ ಚಕ್ರದ ಹತ್ತಿರ, ಜಾಕ್ ಕೊಡುವ ಜಾಗದ ಪಕ್ಕದಲ್ಲಿ, ಬಾಗಿಲ ಕೆಳಗಿನ ಅಂಚಿನಡಿ ಅಡ್ಡಡ್ಡ ಮಲಗಿಸಿ ತಳ್ಳಿ. ಜಾಕ್ ಜಾರಿದರೂ ಕಾರು ನೆಲಕ್ಕೆ ಬಡಿಯದೆ ಸ್ಟೆಪ್ನಿಯ ಮೇಲೆ ಕೂರುತ್ತದೆ. ಪಂಕ್ಚರ್ ಚಕ್ರ ಬಿಚ್ಚಿದ ಮೇಲೆ ಅದನ್ನು ಒಳಗೆ ತಳ್ಳಿ ಸ್ಟೆಪ್ನಿಯನ್ನು ಹೊರಗೆ ಎಳೆದುಕೊಳ್ಳಿ. ಇದಕ್ಕೆ ಬೇಕಾದದ್ದು ಅರ್ಧ ನಿಮಿಷ, ಕಾಸಿನ ಖರ್ಚಿಲ್ಲ.

ಜಾಕ್ ಕೊಡುವ ಮೊದಲೇ ನಟ್ ಸಡಿಲಿಸಿ

ವೀಲ್ ಕ್ಯಾಪ್ ಇದ್ದರೆ ಸ್ಪ್ಯಾನರಿನ ಚಪ್ಪಟೆ ತುದಿಯಿಂದ ಮೀಟಿ ತೆಗೆಯಿರಿ. ಕೆಲವು ಕ್ಯಾಪ್‌ಗಳನ್ನು ನಟ್‌ಗಳೇ ಹಿಡಿದಿರುತ್ತವೆ. ಮೀಟಿದಾಗ ಬಾರದಿದ್ದರೆ ಬಲವಂತ ಬೇಡ, ನಟ್ ಬಿಚ್ಚಿದಾಗ ಅದೂ ಬರುತ್ತದೆ.

ಸ್ಪ್ಯಾನರನ್ನು ನಟ್‌ಗೆ ಕೊನೆಯವರೆಗೂ ತೂರಿಸಿ. ಅರ್ಧಂಬರ್ಧ ಕೂತರೆ ನಟ್‌ನ ಮೂಲೆಗಳು ಸವೆದು ದುಂಡಗಾಗುತ್ತವೆ, ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ. ಹಿಡಿ ನಿಮ್ಮ ಎಡಗಡೆಗೆ ಅಡ್ಡಲಾಗಿ ಇರುವಂತೆ ಹಾಕಿ ಕೆಳಗೆ ಒತ್ತಿ. ಆಗ ಅಪ್ರದಕ್ಷಿಣವಾಗಿ ತಿರುಗಿ ಸಡಿಲವಾಗುತ್ತದೆ. ಒಂದೊಂದು ನಟ್ ಅರ್ಧ ಸುತ್ತು ಸಡಿಲವಾದರೆ ಸಾಕು, ಪೂರ್ತಿ ಬಿಚ್ಚಬೇಡಿ.

ಗಟ್ಟಿಯಾಗಿ ಕೂತ ನಟ್ ಬಿಡಿಸಲು ಮೈಭಾರವನ್ನೇ ಹಾಕಬೇಕಾಗುತ್ತದೆ. ಚಕ್ರ ನೆಲದ ಮೇಲಿದ್ದಾಗ ಆ ಬಲವನ್ನು ನೆಲ ತಡೆದುಕೊಳ್ಳುತ್ತದೆ. ಎತ್ತಿದ ಮೇಲೆ ಅದೇ ಬಲ ಹಾಕಿದರೆ ಅದು ಹೋಗುವುದು ಜಾಕಿಗೆ, ಅದೂ ಅಡ್ಡಲಾಗಿ. ಕತ್ತರಿ ಜಾಕ್ ನೇರ ಭಾರವನ್ನು ಚೆನ್ನಾಗಿ ಹೊರುತ್ತದೆ, ಅಡ್ಡ ಎಳೆತಕ್ಕೆ ವಾಲಿಬಿಡುತ್ತದೆ. ಮೊದಲ ಸಲ ಚಕ್ರ ಬದಲಿಸುವವರು ಕಾರನ್ನು ಜಾಕಿನಿಂದ ಬೀಳಿಸಲು ಇದೊಂದೇ ತಪ್ಪು ಸಾಕು.

ಕೈಬಲಕ್ಕೆ ನಟ್ ಬಗ್ಗದಿದ್ದರೆ ಸರ್ವಿಸಿನಲ್ಲಿ ಗಾಳಿಯ ಗನ್‌ನಿಂದ ಅತಿಯಾಗಿ ಬಿಗಿದಿರಬಹುದು, ಇಲ್ಲವೇ ತುಕ್ಕು ಹಿಡಿದಿರಬಹುದು. ಸ್ಪ್ಯಾನರಿನ ಹಿಡಿಗೆ ಎರಡು ಅಡಿಯ ಕಬ್ಬಿಣದ ಪೈಪ್ ತೊಡಿಸಿ ಉದ್ದ ಮಾಡಿಕೊಂಡು, ಎಳೆದಾಡದೆ ನಿಧಾನವಾಗಿ ಒತ್ತಿ. ಪೈಪ್ ಬಿಚ್ಚುವುದಕ್ಕೆ ಮಾತ್ರ, ಬಿಗಿಯುವಾಗ ಬೇಡವೇ ಬೇಡ. ಅಲಾಯ್ ಚಕ್ರದಲ್ಲಿ ಒಂದು ನಟ್ ಮಾತ್ರ ಬೇರೆ ಥರ ಕಂಡರೆ ಅದು ಕಳ್ಳತನ ತಡೆಯುವ ಲಾಕ್ ನಟ್. ಅದರ ಪುಟ್ಟ ಕೀಲಿ ಜಾಕಿನ ಚೀಲದಲ್ಲೋ ಗ್ಲೋವ್ ಬಾಕ್ಸಿನಲ್ಲೋ ಇರುತ್ತದೆ.

ಜಾಕ್ ಎಲ್ಲಿ

ಈಗ ನೆಲದ ಮಟ್ಟಕ್ಕೆ ಬಗ್ಗಿ, ಹಿಂದಿನ ಬಾಗಿಲ ಕೆಳಗೆ, ಹಿಂದಿನ ಚಕ್ರಕ್ಕೆ ಸ್ವಲ್ಪ ಮುಂದೆ ನೋಡಿ. ಕಾರಿನ ಉದ್ದಕ್ಕೂ ತಗಡಿನ ಒಂದು ಅಂಚು ಕೆಳಮುಖವಾಗಿ ಇಳಿದಿರುತ್ತದೆ. ಎರಡು ಮೂರು ತಗಡುಗಳನ್ನು ಜೋಡಿಸಿ ವೆಲ್ಡ್ ಮಾಡಿದ ಗಟ್ಟಿ ಅಂಚು ಅದು. ಅದರಲ್ಲಿ ಸ್ವಲ್ಪ ಅಂತರದಲ್ಲಿ ಎರಡು ಕಚ್ಚುಗಳು ಕಾಣುತ್ತವೆ. ಆ ಎರಡು ಕಚ್ಚುಗಳ ನಡುವಿನ ಭಾಗವೇ ಜಾಕಿನ ಜಾಗ. ಒಳಗಡೆಯಿಂದ ಅಲ್ಲಿ ತಗಡನ್ನು ದಪ್ಪ ಮಾಡಿ ಬಲ ಕೊಟ್ಟಿರುತ್ತಾರೆ. ಮಣ್ಣು ಮೆತ್ತಿ ಕಾಣದಿದ್ದರೆ ಬೆರಳಿಂದ ಸವರಿ ಹುಡುಕಿ. ಮುಂದಿನ ಚಕ್ರಕ್ಕಾದರೆ ಅದರ ಹಿಂದೆ, ಮುಂದಿನ ಬಾಗಿಲ ಕೆಳಗೆ ಇಂಥದೇ ಇನ್ನೊಂದು ಜೋಡಿ ಇರುತ್ತದೆ. ಚೌಕಟ್ಟಿನ ಮೇಲೆ ಕಟ್ಟಿದ ದೊಡ್ಡ ಗಾಡಿಗಳಲ್ಲಿ ಜಾಗ ಬೇರೆ. ಕಾರಿನ ಜೊತೆ ಕೊಟ್ಟ ಪುಸ್ತಕದ ಚಿತ್ರವನ್ನೇ ನಂಬಿ.

ಜಾಕಿನ ತಲೆಯಲ್ಲಿ ಒಂದು ಸೀಳು ಇರುತ್ತದೆ. ತಗಡಿನ ಅಂಚು ಆ ಸೀಳಿನೊಳಗೆ ಕೂರಬೇಕು. ಸೀಳಿನ ಪಕ್ಕದ ದಂಡೆಯ ಮೇಲೆ ಕೂತರೆ ಅಂಚು ಮಡಚಿಕೊಂಡು ಜಾಕ್ ಪಕ್ಕಕ್ಕೆ ಚಿಮ್ಮುತ್ತದೆ. ಅಂಚಿನಿಂದ ಒಂದು ಗೇಣು ಒಳಗೆ ಕಾಣುವ ಅಗಲವಾದ ತಗಡು ಕಾರಿನ ನೆಲ. ಅಲ್ಲಿ ಜಾಕ್ ಕೊಟ್ಟರೆ ತಗಡು ಒಳಕ್ಕೆ ತಗ್ಗುತ್ತದೆ. ಹೊರಬದಿಯ ಪ್ಲಾಸ್ಟಿಕ್ ಪಟ್ಟಿಗೆ ಕೊಟ್ಟರೆ ಅದು ಒಡೆಯುತ್ತದೆ.

ಜಾಕಿನ ತಿರುಪನ್ನು ಮೊದಲು ಕೈಯಲ್ಲೇ ತಿರುಗಿಸಿ, ತಲೆ ಅಂಚನ್ನು ಮುಟ್ಟುವವರೆಗೆ ಎತ್ತಿ. ಮುಟ್ಟಿದ ಕೂಡಲೇ ನಿಲ್ಲಿಸಿ ಎರಡು ದಿಕ್ಕಿನಿಂದ ನೋಡಿ. ಪಕ್ಕದಿಂದ ನೋಡಿದಾಗ ಜಾಕ್ ನೆಟ್ಟಗೆ ನಿಂತಿದೆಯೇ? ಹಿಂದಿನಿಂದ ನೋಡಿದಾಗ ಅದರ ಪಾದ ಪೂರ್ತಿ ನೆಲಕ್ಕೆ ಕೂತಿದೆಯೇ? ಪಾದದ ಒಂದು ಅಂಚು ಮೇಲೆದ್ದಿದ್ದರೆ ಇಳಿಸಿ ಮತ್ತೆ ಕೂರಿಸಿ.

ಹೆದ್ದಾರಿಯ ಪಕ್ಕದ ಮಣ್ಣು, ಅದರಲ್ಲೂ ಮಳೆಗಾಲದ ಕೆಂಪು ಮಣ್ಣು, ಜಾಕಿನ ಪುಟ್ಟ ಪಾದವನ್ನು ನುಂಗುತ್ತದೆ. ನೀವು ತಿರುಗಿಸುತ್ತಲೇ ಇರುತ್ತೀರಿ, ಕಾರು ಮೇಲೆ ಬರುವ ಬದಲು ಜಾಕ್ ಕೆಳಗೆ ಇಳಿಯುತ್ತದೆ, ಇಳಿಯುವಾಗ ವಾಲುತ್ತದೆ. ಒಂದು ಅಡಿ ಚೌಕದ, ಎರಡು ಸೆಂಟಿಮೀಟರಿಗೆ ಕಡಿಮೆಯಿಲ್ಲದ ದಪ್ಪದ ಪ್ಲೈವುಡ್ ತುಂಡನ್ನು ಪಾದದಡಿ ಇಟ್ಟರೆ ಭಾರ ಹರಡಿಕೊಳ್ಳುತ್ತದೆ. ಬಡಗಿ ಅಂಗಡಿಯಲ್ಲಿ ಉಳಿದ ತುಂಡು ಸಾಕು. ಇಟ್ಟಿಗೆಯನ್ನೋ ಹೆಂಚನ್ನೋ ಜಾಕಿನಡಿ ಇಡಬೇಡಿ. ಭಾರ ಬಿದ್ದಾಗ ಅವು ಒಮ್ಮೆಲೇ ಪುಡಿಯಾಗುತ್ತವೆ.

ಈಗ ಹಿಡಿ ಸಿಕ್ಕಿಸಿ ತಿರುಗಿಸಿ. ಮೂರು ನಾಲ್ಕು ಸುತ್ತಿಗೊಮ್ಮೆ ಜಾಕ್ ನೋಡಿ. ಮೂಲೆ ಮೇಲೇಳುತ್ತಾ ಕಾರು ಸ್ವಲ್ಪ ಓರೆಯಾಗುತ್ತದೆ, ಅದರೊಂದಿಗೆ ಜಾಕಿನ ತಲೆಯೂ ಸ್ವಲ್ಪ ಸರಿಯುತ್ತದೆ. ಆರಂಭದಲ್ಲಿ ನೆಟ್ಟಗಿದ್ದ ಜಾಕ್ ಅರ್ಧದಲ್ಲಿ ವಾಲುವುದು ಇದರಿಂದಲೇ. ಬರಿಗಣ್ಣಿಗೆ ವಾಲಿದ್ದು ಕಾಣುವಷ್ಟಾದರೆ ಮುಂದುವರಿಸಬೇಡಿ. ಪೂರ್ತಿ ಇಳಿಸಿ, ಪಾದವನ್ನು ಸರಿಸಿ, ಮತ್ತೆ ಎತ್ತಿ. ಎತ್ತುತ್ತಿರುವ ಹೊತ್ತಿನಲ್ಲೂ ಎತ್ತಿದ ಮೇಲೂ ಕೈಕಾಲು, ತಲೆ ಯಾವುದೂ ಕಾರಿನಡಿ ಹೋಗಬಾರದು. ನಟ್ ಉರುಳಿ ಒಳಗೆ ಹೋದರೆ ಸ್ಪ್ಯಾನರಿನಿಂದ ಎಳೆದುಕೊಳ್ಳಿ.

ಪಂಕ್ಚರ್ ಟೈರು ನೆಲ ಬಿಟ್ಟರೆ ಸಾಲದು. ಗಾಳಿ ತುಂಬಿದ ಸ್ಟೆಪ್ನಿಗೆ ಹೆಚ್ಚು ಎತ್ತರ ಬೇಕು. ಟೈರಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳು ಆಡುವಷ್ಟು ಜಾಗವಾದಾಗ ನಿಲ್ಲಿಸಿ. ಅದಕ್ಕಿಂತ ಮೇಲೆ ಎತ್ತಿದಷ್ಟೂ ಜಾಕ್ ಅಸ್ಥಿರ.

ಚಕ್ರ ತೆಗೆದು ಹಾಕುವುದು

ಮೊದಲೇ ಸಡಿಲವಾದ ನಟ್‌ಗಳು ಈಗ ಬೆರಳಲ್ಲೇ ಬರುತ್ತವೆ. ಮೇಲಿನ ನಟ್ ಕೊನೆಗೆ ಬಿಚ್ಚಿ, ಅಲ್ಲಿಯವರೆಗೆ ಚಕ್ರ ಅದಕ್ಕೆ ನೇತಾಡಿಕೊಂಡಿರುತ್ತದೆ. ನಟ್‌ಗಳನ್ನು ಕಳಚಿದ ವೀಲ್ ಕ್ಯಾಪಿನೊಳಗೋ ಜೇಬಿನಲ್ಲೋ ಹಾಕಿ; ಮಣ್ಣಿಗೆ ಬಿದ್ದ ನಟ್‌ನ ಒಳಗಿನ ತಿರುಪಿನ ಎಳೆಗಳಲ್ಲಿ ಮರಳು ತುಂಬಿಕೊಳ್ಳುತ್ತದೆ.

ನಟ್ ಎಲ್ಲ ಬಂದರೂ ಚಕ್ರ ಬಾರದಿರುವುದುಂಟು. ಕರಾವಳಿಯ ಕಾರುಗಳಲ್ಲಿ, ಬಹಳ ಕಾಲ ಚಕ್ರ ಬಿಚ್ಚದ ಕಾರುಗಳಲ್ಲಿ ರಿಮ್ಮಿನ ನಡುಭಾಗ ಚಕ್ರ ಕೂರುವ ಹಬ್ಬಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಜಾಕಿನ ಮೇಲಿರುವಾಗ ಒದೆಯುವುದು, ಸುತ್ತಿಗೆಯಿಂದ ಹೊಡೆಯುವುದು ಬೇಡ. ನಾಲ್ಕೂ ನಟ್‌ಗಳನ್ನು ಮತ್ತೆ ಹಾಕಿ, ಬೆರಳಲ್ಲಿ ಬಿಗಿದು ಒಂದು ಸುತ್ತು ಮಾತ್ರ ಸಡಿಲ ಬಿಡಿ. ಕಾರನ್ನು ಇಳಿಸಿ, ಚಕ್ರದ ಮೇಲೆ ಭಾರ ಬಿಟ್ಟು, ಕಾರಿನ ಬದಿಯನ್ನು ಕೈಯಿಂದ ಅತ್ತಿತ್ತ ಅಲುಗಿಸಿ. ಕಾರಿನ ತೂಕವೇ ತುಕ್ಕನ್ನು ಬಿಡಿಸುತ್ತದೆ, ಟಕ್ ಎಂದು ಸದ್ದು ಕೇಳುತ್ತದೆ. ಆಮೇಲೆ ಮತ್ತೆ ಎತ್ತಿ.

ಚಕ್ರ ತೆಗೆದ ಮೇಲೆ ಹಬ್ಬಿನ ಮುಖವನ್ನೂ ಸ್ಟೆಪ್ನಿಯ ರಿಮ್ ಹಿಂಬದಿಯನ್ನೂ ಬಟ್ಟೆಯಿಂದ ಒರೆಸಿ. ನಡುವೆ ಒಂದು ಹರಳು ಸಿಕ್ಕಿಕೊಂಡರೂ ನಟ್ ಬಿಗಿಯಾದಂತೆ ಕಾಣುತ್ತದೆ, ಓಡುತ್ತಾ ಓಡುತ್ತಾ ಹರಳು ಪುಡಿಯಾಗಿ ನಟ್ ಸಡಿಲವಾಗುತ್ತದೆ.

ಸ್ಟೆಪ್ನಿಯನ್ನು ತೋಳಬಲದಿಂದ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತು, ಟೈರಿನಡಿ ನಿಮ್ಮ ಶೂ ತುದಿಯನ್ನೋ ಸ್ಪ್ಯಾನರಿನ ಹಿಡಿಯನ್ನೋ ಇಟ್ಟು ಮೀಟಿ, ರಂಧ್ರಗಳನ್ನು ಬೋಲ್ಟ್‌ಗಳಿಗೆ ಹೊಂದಿಸಿ. ಟೈರನ್ನು ಹಿಡಿಯುವಾಗ ಕೈ ಎರಡು ಪಕ್ಕದಲ್ಲಿರಲಿ, ಅಡಿಯಲ್ಲಿ ಬೇಡ.

ನಟ್‌ನ ಒಂದು ಕಡೆ ಲಾಳಿಕೆಯಂತೆ ಓರೆಯಾಗಿರುತ್ತದೆ. ಆ ಓರೆ ಬದಿ ರಿಮ್ಮಿನ ಕಡೆಗೆ ಇರಬೇಕು. ರಿಮ್ಮಿನ ರಂಧ್ರವೂ ಅದೇ ಓರೆಯಲ್ಲಿ ಕೊರೆದಿರುವುದರಿಂದ ನಟ್ ಒಳಗಿಳಿಯುತ್ತಾ ಚಕ್ರವನ್ನು ನಡುವಿಗೆ ತಂದು ಕೂರಿಸುತ್ತದೆ. ತಿರುಗಿಸಿ ಹಾಕಿದರೆ ಚಪ್ಪಟೆ ಬದಿ ರಂಧ್ರದ ಬಾಯಿಗೆ ತಾಗಿ ನಿಲ್ಲುತ್ತದೆ, ಚಕ್ರ ಅಲ್ಲಾಡುತ್ತದೆ. ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಿಗಿ ಎನಿಸಿದರೆ ಎಳೆ ತಪ್ಪಿ ಕೂತಿದೆ, ಬಿಚ್ಚಿ ಮತ್ತೆ ನೆಟ್ಟಗೆ ಹಾಕಿ. ಸ್ಪ್ಯಾನರಿನಿಂದ ಬಲವಂತ ಮಾಡಿದರೆ ಬೋಲ್ಟಿನ ಎಳೆಯೇ ಕೆಡುತ್ತದೆ. ಎಳೆಗಳಿಗೆ ಎಣ್ಣೆ, ಗ್ರೀಸ್ ಹಚ್ಚುವುದೂ ತಪ್ಪು. ಜಾರು ಹೆಚ್ಚಿದಾಗ ಅದೇ ಬಲಕ್ಕೆ ಬೋಲ್ಟ್ ಮಿತಿಮೀರಿ ಎಳೆಯಲ್ಪಡುತ್ತದೆ.

ಬಿಗಿಯುವುದು

ಕಾರು ಇನ್ನೂ ಮೇಲಿರುವಾಗ ಸ್ಪ್ಯಾನರಿನಿಂದ ಮೆಲ್ಲಗೆ, ಚಕ್ರ ಹಬ್ಬಿಗೆ ಅಂಟುವಷ್ಟು ಮಾತ್ರ ಬಿಗಿಯಿರಿ. ಪಕ್ಕಪಕ್ಕದ ನಟ್ ಒಂದಾದ ಮೇಲೊಂದು ಅಲ್ಲ, ಎದುರುಬದುರು: ಮೇಲಿನದು, ಕೆಳಗಿನದು, ಎಡದ್ದು, ಬಲದ್ದು. ಒಂದೇ ಬದಿಯಿಂದ ಬಿಗಿಯುತ್ತಾ ಹೋದರೆ ಚಕ್ರ ಓರೆಯಾಗಿ ಕೂರುತ್ತದೆ. ಆಮೇಲೆ ಬಿಗಿಯುವ ಎದುರಿನ ನಟ್ ಅದನ್ನು ನೇರ ಮಾಡಿದಾಗ ಮೊದಲಿನದು ಸಡಿಲವಾಗುತ್ತದೆ. ಐದು ನಟ್ ಇದ್ದರೆ ಐದು ಮೂಲೆಯ ನಕ್ಷತ್ರ ಬರೆಯುವ ಹಾಗೆ ಒಂದು ಬಿಟ್ಟು ಒಂದು.

ಈಗ ಅಡಿಯಲ್ಲಿರುವ ಪಂಕ್ಚರ್ ಚಕ್ರವನ್ನು ಹೊರಗೆಳೆದು, ಕಾರನ್ನು ಇಳಿಸಿ, ಜಾಕ್ ತೆಗೆದುಬಿಡಿ. ಕೊನೆಯ ಬಿಗಿ ಚಕ್ರ ನೆಲದ ಮೇಲಿದ್ದಾಗಲೇ, ಬಿಚ್ಚುವಾಗಿನ ಕಾರಣಕ್ಕೇ.

ಎಷ್ಟು ಬಿಗಿಯಬೇಕು? ತಿರುಗಿಸುವ ಬಲದ ಅಳತೆಯಲ್ಲಿ ಹೇಳುವುದಾದರೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್. ನಿಮ್ಮ ಕಾರಿನ ಸರಿಯಾದ ಅಂಕಿ ಪುಸ್ತಕದಲ್ಲಿದೆ. ಅಳೆಯುವ ಸ್ಪ್ಯಾನರ್ ರಸ್ತೆಯಲ್ಲಿ ಯಾರ ಬಳಿಯೂ ಇರುವುದಿಲ್ಲವಾದ್ದರಿಂದ ಲೆಕ್ಕ ಹೀಗೆ ಹಾಕಿ. ಕಾರಿನ ಜೊತೆ ಬಂದ ಸ್ಪ್ಯಾನರ್ 25 ಸೆಂಟಿಮೀಟರ್ ಉದ್ದವಿದ್ದರೆ, ಅದರ ತುದಿಯಲ್ಲಿ 35 ಕಿಲೋ ಭಾರ ಬಿದ್ದಾಗ 85 ನ್ಯೂಟನ್ ಮೀಟರ್ ಆಗುತ್ತದೆ. ಅಡುಗೆ ಗ್ಯಾಸಿನ ತುಂಬಿದ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ, ಅದಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಹಿಡಿಯನ್ನು ಬಲಗಡೆಗೆ ಅಡ್ಡಲಾಗಿಟ್ಟು, ತುದಿಯಲ್ಲಿ ಎರಡೂ ಕೈಯಿಟ್ಟು ಮೈಭಾರ ಅರ್ಧ ಬಿಟ್ಟು ಒತ್ತಿದರೆ ಸರಿಯಾಗುತ್ತದೆ. 70 ಕಿಲೋದ ಮನುಷ್ಯ ಅದೇ ಹಿಡಿಯ ಮೇಲೆ ಹತ್ತಿ ನಿಂತರೆ 170 ದಾಟುತ್ತದೆ, ಕುಣಿದರೆ ಇನ್ನೂ ಹೆಚ್ಚು. ಬೋಲ್ಟ್ ಹಿಗ್ಗುವುದು, ಎಳೆ ಹರಿಯುವುದು ಹೀಗೇ. ಮುಂದಿನ ಪಂಕ್ಚರ್‌ನಲ್ಲಿ ಆ ನಟ್ ನಿಮ್ಮ ಕೈಗೆ ಬಗ್ಗುವುದೂ ಇಲ್ಲ.

ಎದುರುಬದುರಾಗಿ ಎಲ್ಲ ನಟ್‌ಗಳನ್ನೂ ಎರಡೆರಡು ಸಲ ಬಿಗಿದು, ನಾಲ್ಕನ್ನೂ ಮತ್ತೊಮ್ಮೆ ಮುಟ್ಟಿ ನೋಡಿ. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದು ರಸ್ತೆಯಿಂದಾಚೆ ಹಾಕಿ. ಅಲ್ಲೇ ಬಿಟ್ಟುಹೋದರೆ ರಾತ್ರಿ ಬರುವ ಬೈಕ್ ಸವಾರ ಬೀಳುತ್ತಾನೆ. ತ್ರಿಕೋನ ಫಲಕವನ್ನು ಕೊನೆಯಲ್ಲಿ ತನ್ನಿ.

ಹೊರಟ ಮೇಲೆ

ಸ್ಟೆಪ್ನಿ ಬೇರೆ ಚಕ್ರಗಳಿಗಿಂತ ಸಣಕಲಾಗಿದ್ದರೆ ಅದರ ಮೇಲೆಯೇ ವೇಗದ ಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್. ಒಂದು ಕಿಲೋಮೀಟರ್ ನಿಧಾನವಾಗಿ ಓಡಿಸಿ. ವೇಗ ಹೆಚ್ಚಿದಂತೆ ಟಕಟಕ ಸದ್ದೋ ಹೊಸದಾಗಿ ನಡುಕವೋ ಬಂದರೆ ನಟ್ ಸಡಿಲ ಎಂದೇ ತಿಳಿದು ನಿಲ್ಲಿಸಿ. ಸಿಕ್ಕ ಮೊದಲ ಬಂಕಿನಲ್ಲಿ ಗಾಳಿ ನೋಡಿಸಿ. ಎಷ್ಟಿರಬೇಕೆಂಬ ಅಂಕಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಇರುತ್ತದೆ, ಸಣ್ಣ ಕಾರುಗಳಿಗೆ ಹೆಚ್ಚಾಗಿ 30ರಿಂದ 35 ಪಿಎಸ್‌ಐ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಸ್ಪ್ಯಾನರ್ ತೆಗೆದು ನಾಲ್ಕೂ ನಟ್‌ಗಳನ್ನು ಮತ್ತೆ ಬಿಗಿಯಿರಿ. ಹೊಸದಾಗಿ ಕೂತ ಚಕ್ರ ಓಡುತ್ತಾ ಕೂದಲೆಳೆಯಷ್ಟು ಒಳಕ್ಕೆ ಸರಿಯುವುದರಿಂದ ಮೊದಲ ಬಿಗಿ ಸ್ವಲ್ಪ ಇಳಿದಿರುತ್ತದೆ.

ಇದನ್ನೆಲ್ಲ ಮೊದಲ ಸಲ ಮಾಡಲು ಮನೆಯ ಮುಂದಿನ ಸಿಮೆಂಟ್ ನೆಲ ಒಳ್ಳೆಯದು. ಬೆಳಕಿರುವಾಗ, ಪಂಕ್ಚರ್ ಆಗದ ಚಕ್ರವನ್ನೇ ಒಮ್ಮೆ ಬಿಚ್ಚಿ ಹಾಕಿ ನೋಡಿದರೆ ನಾಲ್ಕು ವಿಷಯ ಆಗಲೇ ಗೊತ್ತಾಗುತ್ತದೆ: ನಟ್ ನಿಮ್ಮ ಕೈಗೆ ಬಗ್ಗುತ್ತದೋ ಇಲ್ಲವೋ, ಜಾಕಿನ ಹಿಡಿ ಡಿಕ್ಕಿಯಲ್ಲಿ ಇದೆಯೋ ಇಲ್ಲವೋ, ಕಚ್ಚುಗಳು ಎಲ್ಲಿವೆ, ಸ್ಟೆಪ್ನಿಯಲ್ಲಿ ಗಾಳಿ ಎಷ್ಟಿದೆ. ಕೆಲಸ ಮುಗಿದ ಮೇಲೆ ಜಾಕಿನ ತಿರುಪಿಗೆ ಒಂದು ಹನಿ ಗ್ರೀಸ್ ಹಚ್ಚಿ, ಪ್ಲೈವುಡ್ ತುಂಡು, ಪೈಪ್, ಒಂದು ಹಳೆ ಬಟ್ಟೆ, ಟಾರ್ಚ್ ಇಷ್ಟನ್ನು ಸ್ಟೆಪ್ನಿಯ ಬಟ್ಟಲಿನಲ್ಲೇ ಜೋಡಿಸಿಡಿ.